77 ಡಿಗ್ರಿಯಲ್ಲಿ ಕರಗಿದ್ದು ಯಾವುದು?

ಆ ಲಾಟ್ ಬಳಸದೆ ತಡೆಹಿಡಿಯಿರಿ ಎಂಬ ಹೋಲ್ಡ್ ಸ್ಲಿಪ್‌ಗೆ ಸಹಿ ಹಾಕಿದ್ದು ನಾನೇ. ಬ್ಲಿಸ್ಟರ್ ಟ್ರೇ ಮಾಡಲು ತರಿಸಿದ್ದ ಪಿಇಟಿ ಪ್ಲಾಸ್ಟಿಕ್ ಶೀಟ್, ಎರಡು ಟನ್. ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ರೋಲ್‌ಗಳು ಬೇಸಿಗೆ ಪೂರ್ತಿ ಗೋಡೌನ್‌ನಲ್ಲಿದ್ದವು. ಜೂನ್‌ನಲ್ಲಿ ಬಿಚ್ಚಿದಾಗ ಅಂಚು ಕತ್ತರಿಸುವಲ್ಲೇ ಶೀಟ್ ಪಟಪಟ ಒಡೆಯತೊಡಗಿತು. "ಏನೋ ಮಿಕ್ಸ್ ಆಗಿದೆ ಸಾರ್, ನೋಡಿ" ಎಂದು ಪ್ರೊಡಕ್ಷನ್‌ನವರು ಒಂದು ತುಂಡು ತಂದುಕೊಟ್ಟರು. 8 ಮಿಲಿಗ್ರಾಂ ಕತ್ತರಿಸಿ ಪ್ಯಾನ್‌ಗೆ ಹಾಕಿ, ನಿಮಿಷಕ್ಕೆ 10 ಡಿಗ್ರಿಯಂತೆ 280ರವರೆಗೆ ಡಿಎಸ್‌ಸಿ ಓಡಿಸಿದೆ. ಬಿಸಿ ಏರಿದಂತೆ ಸ್ಯಾಂಪಲ್ ಎಷ್ಟು ಶಾಖ ಹೀರುತ್ತದೆ, ಎಷ್ಟು ಬಿಡುತ್ತದೆ ಎಂದು ಅಳೆಯುವ ಮೆಷಿನ್ ಅದು. ಒಂದೇ ಹೀಟ್. ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ. ಹೀಟ್-ಕೂಲ್-ಹೀಟ್ ಮಾಡಿದರೆ ಒಂದು ಗಂಟೆಗೂ ಜಾಸ್ತಿ ಬೇಕು. ದಿನಕ್ಕೆ ಇಷ್ಟು ಸ್ಯಾಂಪಲ್ ಮುಗಿಸಿ ಎಂದು ಮೇಲಿನಿಂದ ಬರುವ ಲೆಕ್ಕದಲ್ಲಿ ಆ ಒಂದು ಗಂಟೆಗೆ ಜಾಗವೇ ಇರಲಿಲ್ಲ.

ನಮ್ಮ ಮೆಷಿನ್‌ನಲ್ಲಿ ಸ್ಯಾಂಪಲ್ ಶಾಖ ಹೀರಿದರೆ ಗೆರೆ ಕೆಳಗಿಳಿಯುತ್ತದೆ. 250ರ ಹತ್ತಿರ ದೊಡ್ಡ ಗುಂಡಿ, ಅದು ಪಿಇಟಿ ಕರಗುವ ಜಾಗ. 130ರ ಸುತ್ತ ಮೇಲಕ್ಕೆ ಒಂದು ಗುಡ್ಡ, ಬಿಸಿ ಏರುವಾಗ ಪಿಇಟಿ ಕ್ರಿಸ್ಟಲ್ ಆಗುವ ಕೋಲ್ಡ್ ಕ್ರಿಸ್ಟಲೈಸೇಶನ್. ಇವೆರಡೂ ನಿರೀಕ್ಷೆಯಂತೆಯೇ ಇದ್ದವು. ಆದರೆ 77ರಲ್ಲಿ ಇನ್ನೊಂದು ಚೂಪಾದ ಸಣ್ಣ ಗುಂಡಿ ಕಂಡಿತು. ಸಾಫ್ಟ್‌ವೇರ್ ತಾನೇ ಗೆರೆ ಎಳೆದು, ಗ್ರಾಂಗೆ 2 ಜೌಲ್ ಎಂದು ತೋರಿಸಿ, ಅದನ್ನೂ ಮೆಲ್ಟಿಂಗ್ ಎಂದೇ ಗುರುತು ಹಾಕಿತು. ಅದಕ್ಕೆ ಗುಂಡಿಗಳೆಲ್ಲ ಒಂದೇ. ನಾನೂ ನಂಬಿದೆ. ಪ್ಯಾರಾಫಿನ್ ಮೇಣ ಕರಗಲು ಗ್ರಾಂಗೆ ಸುಮಾರು 200 ಜೌಲ್ ಬೇಕು. ಹಾಗಾದರೆ 2 ಜೌಲ್ ಅಂದರೆ ನೂರಕ್ಕೆ ಒಂದರಷ್ಟು ಮೇಣ ಅಲ್ವಾ? ಲೆಕ್ಕ ಅಷ್ಟು ಚೆನ್ನಾಗಿ ಕೂತಿದ್ದರಿಂದ ಅನುಮಾನವೇ ಬರಲಿಲ್ಲ.

ನಾಲ್ಕು ಗಂಟೆಯ ಮೀಟಿಂಗ್‌ನಲ್ಲಿ ಸಪ್ಲೈಯರ್ ಫೋನ್‌ನಲ್ಲಿದ್ದರು. "ನಮ್ಮ ಲೈನ್‌ನಲ್ಲಿ ಮೇಣವೇ ಇಲ್ಲ ಸಾರ್" ಎಂದು ಮೂರು ಸಲ ಹೇಳಿದರು. ಮೂರು ಸಲವೂ ನಾನು ಗ್ರಾಫ್ ತೋರಿಸಿ ಮಾತಾಡಿದೆ. ನಮ್ಮ ಆರ್ ಅಂಡ್ ಡಿ ಮೇಡಂ ಪ್ರಿಂಟ್ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಸ್ಟೀಲ್ ಸ್ಕೇಲ್ ತೆಗೆದು 77ರ ಗುಂಡಿಯ ಮೇಲಿಟ್ಟರು.

"ಗುಂಡಿಗೆ ಮೊದಲು ಬೇಸ್‌ಲೈನ್ ಎಲ್ಲಿದೆ, ಆಮೇಲೆ ಎಲ್ಲಿದೆ, ನೋಡಿ."

ನೋಡಿದೆ. ಗುಂಡಿ ದಾಟಿದ ಮೇಲೆ ಗೆರೆ ಹಳೆಯ ಮಟ್ಟಕ್ಕೆ ಬಂದಿರಲಿಲ್ಲ. ಒಂದು ಮೆಟ್ಟಿಲು ಕೆಳಗೆ ನಿಂತಿತ್ತು. ಒಂದು ಪಾಲು ಮೇಣ ಕರಗಿದ್ದರೆ ಗೆರೆ ಇಳಿದು, ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಏರಬೇಕಿತ್ತು. ಅದು ಟಿಜಿಯ ಮೆಟ್ಟಿಲು, ಅಂದರೆ ಗಾಜಿನಂತೆ ಗಡುಸಾಗಿದ್ದ ಪ್ಲಾಸ್ಟಿಕ್ ಕರಗದೆಯೇ ಮೆತ್ತಗಾಗುವ ಉಷ್ಣತೆಯ ಗುರುತು. ಅದರ ಅಂಚಿನಲ್ಲಿ ಗುಂಡಿ ಕೂತಿತ್ತು, ಅಷ್ಟೇ. ಇನ್ನೂ ಒಂದು ವಿಷಯ ನನಗೆ ಮೊದಲೇ ಹೊಳೆಯಬೇಕಿತ್ತು. 77 ಮೇಣದ ಗುಂಡಿಯಾದರೆ ಪಿಇಟಿಯ ಟಿಜಿ ಎಲ್ಲಿ ಹೋಯಿತು? ಕ್ರಿಸ್ಟಲ್ ಆಗದ ಶೀಟ್‌ನಲ್ಲಿ ಅದು 75ರ ಆಸುಪಾಸಿನಲ್ಲಿ ಎದ್ದು ಕಾಣಲೇಬೇಕು. ಅದನ್ನು ನಾನು ಹುಡುಕಿಯೇ ಇರಲಿಲ್ಲ.

ಸಂಜೆ ಹೊಸ ಪ್ಯಾನ್ ಹಾಕಿದೆವು. ಈ ಸಲ 95ಕ್ಕೆ ನಿಲ್ಲಿಸಿ, ಎರಡು ನಿಮಿಷ ಇಟ್ಟು, ಬೇಗ 25ಕ್ಕೆ ಇಳಿಸಿ, ಮತ್ತೆ ಬಿಸಿ ಮಾಡಿದೆವು. 280ರವರೆಗೆ ಕರಗಿಸಿ ನಿಧಾನಕ್ಕೆ ಇಳಿಸಿದ್ದರೆ ಪಿಇಟಿ ತಾನೇ ಕ್ರಿಸ್ಟಲ್ ಆಗುತ್ತಿತ್ತು. ಆಗ ಟಿಜಿಯ ಮೆಟ್ಟಿಲು ಚಪ್ಪಟೆಯಾಗಿ, ನಮಗೆ ಬೇಕಾದ ಹೋಲಿಕೆಯೇ ಕೆಡುತ್ತಿತ್ತು. ಎರಡನೇ ಹೀಟ್‌ನಲ್ಲಿ ಗುಂಡಿ ಮಾಯ. 75ರಲ್ಲಿ ಮೆಟ್ಟಿಲು ಮಾತ್ರ ಉಳಿಯಿತು. ಮೇಣವಾಗಿದ್ದರೆ ತಣ್ಣಗಾದಾಗ ಗಟ್ಟಿಯಾಗಿ, ಮತ್ತೆ ಅಲ್ಲೇ ಕರಗುತ್ತಿತ್ತು.

ನಡೆದದ್ದು ಇಷ್ಟು. ಶೀಟ್ ಮಾಡುವಾಗ ಚಿಲ್ ರೋಲ್ ಮೇಲೆ ಕರಗಿದ ಪಿಇಟಿ ತಟ್ಟನೆ ತಣ್ಣಗಾಗುತ್ತದೆ. ಅದರ ಅಣುಗಳ ಉದ್ದ ಸರಪಳಿಗಳು ಹೇಗಿದ್ದವೋ ಹಾಗೇ ಸಿಕ್ಕಿಕೊಳ್ಳುತ್ತವೆ. ತಗಡಿನ ಗೋಡೌನ್‌ನ ಬಿಸಿ ಟಿಜಿಗಿಂತ ಕಡಿಮೆಯೇ. ಆದರೂ ತಿಂಗಳುಗಟ್ಟಲೆ ಆ ಸೆಕೆಯಲ್ಲಿ ಸರಪಳಿಗಳು ಒಂಚೂರು ಒಂಚೂರೇ ಒತ್ತಾಗಿ ಕೂರುತ್ತವೆ, ತಮ್ಮಲ್ಲಿದ್ದ ಶಕ್ತಿಯನ್ನು ಬಿಟ್ಟುಕೊಡುತ್ತವೆ. ಡಿಎಸ್‌ಸಿಯಲ್ಲಿ ಟಿಜಿ ದಾಟುವಾಗ ಆ ಬಾಕಿಯನ್ನೆಲ್ಲ ಒಟ್ಟಿಗೆ ವಾಪಸ್ ಹೀರುತ್ತವೆ. ಅದೇ ಆ 2 ಜೌಲ್. ಶೀಟ್ ಒಡೆಯುತ್ತಿದ್ದುದಕ್ಕೂ ಇದೇ ಕಾರಣ. ಉತ್ತರ ನನ್ನ ಗ್ರಾಫ್‌ನಲ್ಲೇ ಇತ್ತು, ನಾನು ಅದಕ್ಕೆ ಬೇರೆ ಹೆಸರು ಕೊಟ್ಟಿದ್ದೆ.

ಹೋಲ್ಡ್ ತೆಗೆಸಿದೆ. ಅಂಚು ಕತ್ತರಿಸದೆ ನೇರ ಫಾರ್ಮಿಂಗ್‌ಗೆ ಕೊಟ್ಟರು. ಅಲ್ಲಿನ ಹೀಟರ್ ಕೆಳಗೆ ಶೀಟ್ ಟಿಜಿ ದಾಟುತ್ತದೆ, ಹಳೆಯದೆಲ್ಲ ಅಳಿಸಿಹೋಗುತ್ತದೆ. ಟ್ರೇಗಳು ಸರಿಯಾಗಿ ಬಂದವು. ಈಗ ನಾನು ಆಟೊ ಅನಾಲಿಸಿಸ್ ಆಫ್ ಮಾಡಿ, ಮೊದಲು ಬೇಸ್‌ಲೈನ್‌ನ ಎರಡೂ ಕಡೆ ನೋಡುತ್ತೇನೆ. ರಿಪೋರ್ಟ್‌ನಲ್ಲಿ ಫಸ್ಟ್ ಹೀಟ್, ಸೆಕೆಂಡ್ ಹೀಟ್ ಎರಡನ್ನೂ ಬೇರೆ ಬೇರೆ ಬರೆಯುತ್ತೇನೆ. ಹೊತ್ತು ಹಿಡಿಯುತ್ತದೆ ಎಂದು ಮ್ಯಾನೇಜರ್ ಈಗಲೂ ಗೊಣಗುತ್ತಾರೆ.

ಮಾರನೇ ದಿನ ಸಪ್ಲೈಯರ್‌ಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ರೋಲ್‌ಗಳು ಯಾವ ತಿಂಗಳಿನಿಂದ ನಿಮ್ಮ ಗೋಡೌನ್‌ನಲ್ಲಿದ್ದವು ಎಂದು ಮಾತ್ರ ಕೇಳಿದರು.