ಕೊಂಬು ಬಿದ್ದುಹೋದ ಕುರಿ

ಭಾನುವಾರ ನನ್ನ ಹತ್ತಿರ ಕನ್ನಡ ಕಲಿಯಲು ಬರುವ ಎಂಟು ಮಕ್ಕಳಿಗೆ ಏಳೆಂಟು ವರ್ಷ. ಮನೆಯಲ್ಲಿ ಬೇರೆ ಮಾತು. ಅವತ್ತು ಒಗಟಿನಿಂದ ಶುರು ಮಾಡಿದೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?’ ಸ್ವಲ್ಪ ಹೊತ್ತಿಗೇ ‘ಮಲ್ಲಿಗೆ’ ಅಂತ ಉತ್ತರ ಬಂತು. ಚೆನ್ನಾಗೇ ಇತ್ತು. ಆದರೆ ಅದು ಕಣ್ಣಿನ ಒಗಟು. ಬಿಳಿ ಬಣ್ಣ ಹೊಳೆದರೆ ಸಾಕು, ಯಾವ ಭಾಷೆಯಲ್ಲಿ ಕೇಳಿದರೂ ಬಿಡಿಸಬಹುದು. ನನಗೆ ಬೇಕಿದ್ದದ್ದು ಪದದ ಆಟ.

ಅದಕ್ಕೆಂದೇ ಒಂದನ್ನು ನಾನೇ ಕಟ್ಟಿಕೊಂಡು ಹೋಗಿದ್ದೆ. ‘ಐದಾದ ಮೇಲೆ ದೀಪ ಏನಾಗುತ್ತೆ?’ ಎಲ್ಲರೂ ಸುಮ್ನೆ ಕೂತರು. ಒಬ್ಬ ಮಾತ್ರ ‘ಆಫ್ ಆಗುತ್ತೆ ಮಿಸ್’ ಅಂದ. ‘ಆರು’ ಅಂತ ನಾನೇ ಹೇಳಿದೆ. ಯಾರೂ ನಗಲಿಲ್ಲ. ದೀಪ ‘ಆರುತ್ತೆ’ ಅನ್ನುವುದನ್ನು ಅವರು ಕೇಳಿಯೇ ಇರಲಿಲ್ಲ. ಎರಡು ಅರ್ಥವೂ ಮೊದಲೇ ಗೊತ್ತಿದ್ದರೆ ತಾನೇ ಒಂದಕ್ಕೊಂದು ಡಿಕ್ಕಿ ಹೊಡೆಯುವುದು? ಇನ್ನೊಂದು ಎಡವಟ್ಟೂ ಇತ್ತು. ‘ಏನಾಗುತ್ತೆ’ ಅಂದರೆ ಉತ್ತರ ‘ಆರುತ್ತೆ’ ಅಂತ ಬರಬೇಕು. ಬಾಲ ಅಂಟಿದ ಕೂಡಲೇ ಸಂಖ್ಯೆ ಮಾಯ. ಅದರ ಬದಲು ಮೆಟ್ಟಿಲು ತೋರಿಸಿ ‘ಹತ್ತು’ ಅಂದಿದ್ದರೆ ಕೆಲಸ ಆಗುತ್ತಿತ್ತು. ಏಕವಚನದಲ್ಲಿ ಅಪ್ಪಣೆ ಮಾಡುವಾಗ ಕನ್ನಡದ ಇಂಥ ಕ್ರಿಯಾಪದಕ್ಕೆ ಬಾಲವೇ ಇರುವುದಿಲ್ಲ ಅಲ್ವಾ! ಇದು ಹೊಳೆದದ್ದು ಮನೆಗೆ ಬಂದ ಮೇಲೆ.

ಮುಖ ಉಳಿಸಿಕೊಳ್ಳಲು ನಾಲಿಗೆ ತೊಡರುವ ಹಳೇ ಸಾಲಿಗೆ ಹಾರಿದೆ: ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು.’ ಏರಿ ಅಂದರೆ ಕೆರೆಯ ಕಟ್ಟೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದೆ. ಅರ್ಥ ಗೊತ್ತಿಲ್ಲದೆ ಉರು ಹೊಡೆದರೆ ಅದು ಬರೀ ಸದ್ದು. ಒಂದು ಸಲ ನಿಧಾನವಾಗಿ, ಆಮೇಲೆ ಉಸಿರು ಬಿಡದೆ ಮೂರು ಸಲ. ಎರಡನೇ ಸಲಕ್ಕೇ ಒಬ್ಬ ಹುಡುಗಿ ‘ಮೂರು ಕುರಿ ಕರಿಮರಿ’ ಅಂದುಬಿಟ್ಟಳು. ಈ ಸಾಲಿನ ಕಿತಾಪತಿಯೇ ಅದು. ‘ರಿ’ ಕದಲುವುದಿಲ್ಲ, ಅದರ ಹಿಂದಿನ ಅಕ್ಷರ ಮಾತ್ರ ಕ, ಕು, ಮ ಅಂತ ಬದಲಾಗುತ್ತಾ ಹೋಗುತ್ತದೆ. ನಾಲಿಗೆ ಮುಂದೆ ಬರಬೇಕಾದದ್ದನ್ನು ಮೊದಲೇ ಎಳೆದುಕೊಳ್ಳುತ್ತದೆ.

ತಿದ್ದಲು ಬಾಯಿ ತೆರೆದವಳು ನಿಲ್ಲಿಸಿದೆ. ‘ಕರಿ ಅಂದರೆ ಆನೆ ಅಂತಲೂ ಅರ್ಥ ಇದೆ ಕಣೇ. ಈಗ ಏರಿ ಮೇಲೆ ಮೂರು ಕುರಿ, ಜೊತೆಗೊಂದು ಆನೆ ಮರಿ ಮೇಯ್ತಿದೆ.’ ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. ಎಲ್ಲರೂ ಬೇಕೆಂದೇ ತಪ್ಪು ಹೇಳತೊಡಗಿದರು. ಬೋರ್ಡಿನ ಮೇಲೆ ‘ಕರಿ’, ‘ಕುರಿ’ ಎರಡನ್ನೂ ಬರೆದು, ‘ವ್ಯತ್ಯಾಸ ಏನು?’ ಅಂತ ಕೇಳಿದೆ. ಕ-ಗೆ ಕೊಂಬು ಕೊಟ್ಟರೆ ಕು ಅನ್ನುವುದು ಕಾಗುಣಿತದಲ್ಲಿ ಆಗಿತ್ತು.

‘ಆಫ್ ಆಗುತ್ತೆ’ ಅಂದಿದ್ದ ಹುಡುಗ ಬೋರ್ಡನ್ನೇ ನೋಡುತ್ತಾ ಕೂತಿದ್ದ. ಆಮೇಲೆ ಕೈ ಎತ್ತಿದ.

‘ಮಿಸ್, ನಾನೊಂದು ಒಗಟು ಹೇಳ್ಲಾ? ಕೊಂಬಿದ್ರೆ ಚಿಕ್ಕದು, ಕೊಂಬು ಕಿತ್ರೆ ದೊಡ್ಡದು. ಏನದು?’