ಸೆಡನ್ ಫೋಟೊದ ಕೆಳಗೆ ಬರೆದ ಸಾಲು

"ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟ ಪ್ರಧಾನಿ." ನ್ಯೂಜಿಲೆಂಡ್‌ನ ರಿಚರ್ಡ್ ಸೆಡನ್ ಫೋಟೊಗೆ ನಾನು ಬರೆದ ಕ್ಯಾಪ್ಶನ್ ಇದು. ಪುಟ ರಿಲೀಸ್ ಆಗೋಕೆ 12 ನಿಮಿಷ ಇತ್ತು. ಪ್ರೂಫ್ ನೋಡುವ ಮೇಡಂ ಪ್ರಿಂಟ್ ಹಿಡಿದುಕೊಂಡು ಬಂದರು. "ಈತ ಕೊಟ್ಟನಾ, ತಡೆಯೋಕೆ ಹೋದನಾ?"

1893ರಲ್ಲಿ ಸೆಡನ್ ಅಧಿಕಾರದಲ್ಲಿದ್ದರು, ಮಸೂದೆ ಪಾಸಾಯಿತು. ಅಷ್ಟು ಸಾಕು ಅಂದುಕೊಂಡಿದ್ದೆ. "ಅವರ ಕಾಲದಲ್ಲೇ ಆಗಿದ್ದಲ್ವಾ ಮೇಡಂ" ಅಂದೆ. ಅವರು ಏನೂ ಹೇಳಲಿಲ್ಲ, ಕುರ್ಚಿ ಎಳೆದು ಕೂತರು. ಇಬ್ಬರೂ ಫೈಲ್ ತೆಗೆದು ಓದತೊಡಗಿದೆವು.

ಕೆಳಮನೆ ಮಸೂದೆಯನ್ನು ಒಪ್ಪಿತ್ತು. ಮೇಲ್ಮನೆ ಅದನ್ನು ಬೀಳಿಸುತ್ತದೆ ಅಂತ ಸೆಡನ್ ನಂಬಿದ್ದರು. ಹಿಂದಿನ ಎರಡು ವರ್ಷ ಅಲ್ಲೇ ಸಿಕ್ಕಿಬಿದ್ದಿತ್ತು. ಈ ಸಲ ಲೆಕ್ಕ ಬಿಗಿಯಾದಾಗ, ಮಸೂದೆ ಪರ ಇದ್ದ ತಮ್ಮದೇ ಪಕ್ಷದ ಸದಸ್ಯರೊಬ್ಬರ ಮತವನ್ನು ತಿರುಗಿಸಿದರು. ಇದು ವಿರೋಧ ಪಕ್ಷದ ಇಬ್ಬರನ್ನು ಕೆರಳಿಸಿತು. ಮಹಿಳಾ ಮತವನ್ನು ವಿರೋಧಿಸುತ್ತಿದ್ದ ಅವರೇ ಸೆಡನ್ ಮೇಲಿನ ಸಿಟ್ಟಿಗೆ ಪರವಾಗಿ ಮತ ಹಾಕಿದರು. ಸೆಪ್ಟೆಂಬರ್ 8ರಂದು 20–18ರಲ್ಲಿ ಮಸೂದೆ ಗೆದ್ದಿತು. ಆ ಇಬ್ಬರು ತಿರುಗದಿದ್ದರೆ 18–20.

ಏಳು ನಿಮಿಷ ಉಳಿದಿತ್ತು. ನಾನು ಗಡಿಬಿಡಿಯಲ್ಲಿ "ಇಬ್ಬರ ಸಿಟ್ಟಿನಿಂದ ಸಿಕ್ಕ ಹಕ್ಕು" ಅಂತ ತಿದ್ದಿದೆ. ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಮೇಡಂ ಅದನ್ನೂ ಹೊಡೆದು ಹಾಕಿದರು. "ಎರಡೇ ಮತದ ಅಂತರಕ್ಕೆ ತಂದು ನಿಲ್ಲಿಸಿದ್ದು ಯಾರು?"

ತಂದದ್ದು ಕೇಟ್ ಶೆಪರ್ಡ್ ಮತ್ತು ಅವರ ಜೊತೆ ಊರೂರು ಸುತ್ತಿ ಮತದಾನದ ಹಕ್ಕಿನ ಮನವಿಗೆ ಸಹಿ ಕೇಳಿದ ಹೆಂಗಸರು. 1891ರಲ್ಲಿ 9,000ದಷ್ಟು ಸಹಿ, ಮರುವರ್ಷ 20,000ದಷ್ಟು, 1893ರಲ್ಲಿ ಸುಮಾರು 32,000. ಮನವಿ ಬಿದ್ದ ಪ್ರತಿ ಸಲವೂ ಇನ್ನೂ ದೊಡ್ಡದು ತಂದರು. 500ಕ್ಕೂ ಹೆಚ್ಚು ಹಾಳೆಗಳನ್ನು ಶೆಪರ್ಡ್ ಒಂದಕ್ಕೊಂದು ಅಂಟಿಸಿ, ಪೊರಕೆ ಕೋಲಿನ ತುಂಡಿಗೆ ಸುತ್ತಿದರು. ಸಂಸತ್ತಿನಲ್ಲಿ ಅವರ ಪರ ಇದ್ದ ಸದಸ್ಯ ಜಾನ್ ಹಾಲ್ ಆ ಸುರುಳಿಯನ್ನು ನೆಲದ ಮೇಲೆ ಉರುಳಿಸಿದಾಗ ಅದು ಬಿಚ್ಚಿಕೊಳ್ಳುತ್ತಾ ಹೋಗಿ ಎದುರಿನ ಗೋಡೆಗೆ ಬಡಿಯಿತು.

ಸೆಡನ್ ಫೋಟೊ ತೆಗೆದು ಶೆಪರ್ಡ್ ಫೋಟೊ ಹಾಕಿದೆವು. ಪುಟ ನಾಲ್ಕು ನಿಮಿಷ ತಡವಾಯಿತು. ಪ್ರೆಸ್‌ನವರು ಬೈದರು, ನಾನೇ ಕೇಳಿಸಿಕೊಂಡೆ.

ಆದರೆ ನಮ್ಮ ಪುಟದ ಟೆಂಪ್ಲೇಟ್ ಬಗ್ಗೆ ಹೇಳಲೇಬೇಕು. ಅದರಲ್ಲಿ ದೇಶ, ವರ್ಷ, "ನಾಯಕ" ಅಂತ ಮೂರೇ ಚೌಕ. ಚೌಕ ಖಾಲಿ ಇದ್ದರೆ ಸುಮ್ನೆ ಅಧಿಕಾರದಲ್ಲಿದ್ದವರ ಫೋಟೊ ಹುಡುಕುತ್ತೇವೆ. ಈಗ ನಾನು "ತಂದವರು", "ತಡೆದವರು" ಅಂತ ಎರಡು ಸಾಲು ಬರೆದುಕೊಂಡೇ ಕ್ಯಾಪ್ಶನ್‌ಗೆ ಕೈ ಹಾಕುತ್ತೇನೆ. ವರ್ಷಕ್ಕೂ ಎರಡು ಚೌಕ ಬೇಕು ಅಂತ ಕೇಳಿದ್ದೇನೆ. ನ್ಯೂಜಿಲೆಂಡ್‌ನಲ್ಲಿ ಹೆಂಗಸರು ಮತ ಹಾಕಿದ್ದು 1893ರಲ್ಲಿ, ಸಂಸತ್ತಿಗೆ ಸ್ಪರ್ಧಿಸುವ ಹಕ್ಕು ಸಿಕ್ಕಿದ್ದು 1919ರಲ್ಲಿ. ಮೇಲಿನವರು ಇನ್ನೂ "ನೋಡೋಣ" ಅನ್ನುತ್ತಿದ್ದಾರೆ.