ಶಕ್ತಿ ಇದೆ, ಬ್ರೇಕ್ ತಡ

ಚಿಕ್ಕಪ್ಪನ ಬಲಗೈ ತೋರುಬೆರಳು ಮೂಗಿನಿಂದ ಹೊರಟು ಡಾಕ್ಟರ ಬೆರಳಿನ ಕಡೆ ಹೋದದ್ದು ಈ ವಾರವಿಡೀ ಕಣ್ಣ ಮುಂದೆ ಬರ್ತಾನೇ ಇದೆ. ಅರ್ಧ ದಾರಿ ಪರವಾಗಿರಲಿಲ್ಲ. ಗುರಿ ಹತ್ತಿರವಾದಂತೆ ಬೆರಳು ಆಚೆ ಈಚೆ ಓಲಾಡಿತು, ಡಾಕ್ಟರ ಬೆರಳನ್ನು ದಾಟಿ ಮುಂದೆ ಹೋಯಿತು, ವಾಪಸ್ ಬಂದಾಗ ಮೂಗು ತಪ್ಪಿ ಕೆನ್ನೆಗೆ ತಾಗಿತು. ಎಡಗೈ ಅದೇ ಕೆಲಸವನ್ನು ಸಲೀಸಾಗಿ ಮಾಡಿತು.

"ಕೈಯಲ್ಲಿ ಶಕ್ತಿ ಇಲ್ವಾ ಡಾಕ್ಟ್ರೇ?" ಅಂತ ಚಿಕ್ಕಮ್ಮ ಕೇಳಿದರು.

"ಶಕ್ತಿ ಇದೆಯಮ್ಮಾ. ಎಲ್ಲಿ ನಿಲ್ಲಿಸಬೇಕು ಅನ್ನೋದು ತಪ್ತಾ ಇದೆ."

ಆಮೇಲೆ ಡಾಕ್ಟರು ಚಿಕ್ಕಪ್ಪನ ಮಣಿಕಟ್ಟು ಹಿಡಿದು, ಕೈಯನ್ನು ನಿಮ್ಮ ಕಡೆ ಎಳೆದುಕೊಳ್ಳಿ ಅಂದರು, ಎಳೆಯುತ್ತಿದ್ದಾಗಲೇ ತಟ್ಟನೆ ಬಿಟ್ಟರು. ಮುಷ್ಟಿ ನೇರ ಮುಖಕ್ಕೇ ನುಗ್ಗಿತು. ಮೊದಲೇ ಗೊತ್ತಿದ್ದ ಡಾಕ್ಟರು ಅಡ್ಡಕ್ಕೆ ಇನ್ನೊಂದು ಕೈ ಇಟ್ಟಿದ್ದರು.

ಪಾರ್ಶ್ವವಾಯು ಬಡಿದದ್ದು ತಲೆಯ ಹಿಂಭಾಗದ ಕಿರುಮೆದುಳಿಗೆ, ಬಲಬದಿಗೆ. ದೊಡ್ಡ ಮೆದುಳಿನ ಎಡಭಾಗ ಬಲಗೈಯನ್ನು ನಡೆಸುತ್ತೆ, ಆದರೆ ಕಿರುಮೆದುಳಿನ ಬಲಭಾಗ ನೋಡಿಕೊಳ್ಳೋದು ಬಲಗೈಯನ್ನೇ. ಕೈ ಚಾಚಲು ಒಂದು ಸ್ನಾಯು ಎಳೆದರೆ ಸಾಲದು, ಸರಿಯಾದ ಕ್ಷಣಕ್ಕೆ ಎದುರಿನ ಸ್ನಾಯು ಬ್ರೇಕ್ ಹಾಕಬೇಕು. ಕೈ ಎಲ್ಲಿದೆ ಅಂತ ಕಣ್ಣು ವರದಿ ಕೊಡೋವರೆಗೆ ಕಾದರೆ ಹೊತ್ತು ಮೀರಿರುತ್ತೆ. ಅದಕ್ಕೇ ಕಿರುಮೆದುಳು ಹೊರಟ ಆಜ್ಞೆಯ ಒಂದು ಪ್ರತಿ ತನ್ನ ಬಳಿ ಇಟ್ಟುಕೊಂಡು, ಕೈ ಎಲ್ಲಿಗೆ ತಲುಪಲಿದೆ ಅಂತ ಮುಂಚೆಯೇ ಅಂದಾಜು ಮಾಡಿ ಬ್ರೇಕಿಗೆ ಏರ್ಪಾಡು ಮಾಡುತ್ತೆ. ಅದು ಕೆಟ್ಟರೆ ಬ್ರೇಕ್ ತಡವಾಗಿ ಬೀಳುತ್ತೆ, ಕೈ ಗುರಿ ದಾಟುತ್ತೆ, ತಿದ್ದಲು ಹೋದರೆ ಆ ತಿದ್ದುವಿಕೆಯೂ ತಡ. ಬೆರಳು ಕೊನೆಯ ಗೇಣಿನಲ್ಲೇ ಜಾಸ್ತಿ ಓಲಾಡಿದ್ದು ಇದಕ್ಕೇ. ಸುಮ್ನೆ ತೊಡೆ ಮೇಲಿಟ್ಟಾಗ ಕೈ ನಡುಗಲ್ಲ. ಪಾರ್ಕಿನ್ಸನ್ ನಡುಕವಾದರೆ ಸಾಮಾನ್ಯವಾಗಿ ಉಲ್ಟಾ, ಸುಮ್ಮನಿದ್ದಾಗಲೇ ಕಾಣೋದು.

ಇದಕ್ಕೆ ಅಟ್ಯಾಕ್ಸಿಯಾ ಅಂತಾರೆ. ನಡೆಯುವಾಗ ಚಿಕ್ಕಪ್ಪ ಕಾಲು ಅಗಲಿಸಿ ಇಡುತ್ತಾರೆ, ತಿರುಗುವಾಗ ವಾಲುತ್ತಾರೆ, ಮಾತು ಬಿಡಿಬಿಡಿಯಾಗಿ ಬರುತ್ತೆ. ಕಾರಿಡಾರಿನಲ್ಲಿ ಒಬ್ಬ ಮಹಾಶಯ "ಬೆಳಿಗ್ಗೆನೇ ಹಾಕ್ಕೊಂಡ್ ಬಂದಿದ್ದಾರೆ" ಅಂದ. ಹೆಂಡ ಕೆಡಿಸೋದೂ ಈ ಕಿರುಮೆದುಳನ್ನೇ, ಹಾಗಾಗಿ ನೋಟಕ್ಕೆ ಎರಡೂ ಒಂದೇ ಥರ. ಅದಕ್ಕೆ ಬಾಯಿಗೆ ಬಂದದ್ದು ಅನ್ನಬೇಕಾ?

ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡೇಟು ಬಿದ್ದ ಸೈನಿಕರನ್ನು ಪರೀಕ್ಷಿಸಿದ ಗಾರ್ಡನ್ ಹೋಮ್ಸ್ ಎಂಬ ವೈದ್ಯರಿಗೆ ಒಬ್ಬ ರೋಗಿ ಹೇಳಿದ್ದನಂತೆ: ಎಡಗೈ ತಾನಾಗೇ ಕೆಲಸ ಮಾಡುತ್ತೆ, ಬಲಗೈಯ ಒಂದೊಂದು ಚಲನೆಯನ್ನೂ ಯೋಚಿಸಿ ಮಾಡಬೇಕು. ಚಿಕ್ಕಪ್ಪ ಲೋಟ ಎತ್ತೋದು ಹಾಗೇ. ಮೊದಲು ಭುಜ, ನಿಂತು, ಆಮೇಲೆ ಮೊಣಕೈ. ಕೀಲುಗಳನ್ನು ಒಟ್ಟಿಗೆ ಆಡಿಸಿದರೆ ತಪ್ಪು ಜಾಸ್ತಿಯಾಗುತ್ತೆ ಅಂತ ಅವರೇ ಕಂಡುಕೊಂಡಿದ್ದಾರೆ, ಹಟಮಾರಿ ಮನುಷ್ಯ.

ಸುಧಾರಿಸುತ್ತೆ, ನಿಧಾನವಾಗಿ ಅಂದಿದ್ದಾರೆ ಡಾಕ್ಟರು. ತಪ್ಪಿನಿಂದ ಕಲಿಯುವ ಕೆಲಸದಲ್ಲೂ ಕಿರುಮೆದುಳಿನದೇ ದೊಡ್ಡ ಪಾಲು, ಪೆಟ್ಟು ಬಿದ್ದಿರೋದು ಆ ಕಿರುಮೆದುಳಿಗೇ, ಹಾಗಾಗಿ ನಿಧಾನ. ಈಗ ಚಿಕ್ಕಮ್ಮನಿಗೆ ನಾನು ಹೇಳಿರೋದು ಒಂದೇ, "ಬೇಗ ಬೇಗ" ಅನ್ನಬೇಡಿ ಅಂತ. ವೇಗ ಹೆಚ್ಚಿದಷ್ಟೂ ಕೈ ಗುರಿ ದಾಟೋದು ಜಾಸ್ತಿ.